ಎರಡೂವರೆ ಗಂಟೆಯ ದರ

ಆ ಕಾಗದವನ್ನು ಬರೆದಾಕೆ ಒಂದೇ ಪಟ್ಟಿಗೆ ಕೂತು ಬರೆದಿರಲಿಲ್ಲ ಎನ್ನುವುದು ರೇಟಕ್ಕನಿಗೆ ಮೊದಲ ನೋಟಕ್ಕೇ ತಿಳಿಯಿತು. ಮೊದಲ ನಾಲ್ಕು ಸಾಲು ನೀಲಿ ಪೆನ್ನಿನಲ್ಲಿ, ನೆಟ್ಟಗೆ. ಆಮೇಲೆ ಕಪ್ಪು ಪೆನ್ನು, ಅವಸರ. ಕೊನೆಯ ಭಾಗ ಪೆನ್ಸಿಲ್ಲಿನದು. ನಡುವೆ ಒದ್ದೆ ಕೈ ತಾಗಿ ಎರಡು ಪದಗಳು ಹರಡಿಕೊಂಡಿದ್ದವು. ಒಲೆ ಆರಿಸಲು ಒಮ್ಮೆ, ಬಾಗಿಲು ತೆಗೆಯಲು ಒಮ್ಮೆ ಎದ್ದು ಹೋಗಿ, ಬಂದು, ಪೆನ್ನು ಎಲ್ಲಿಟ್ಟೆ ಎಂದು ಹುಡುಕಿ, ಸಿಕ್ಕಿದ್ದನ್ನು ಹಿಡಿದು ಮುಂದುವರಿಸಿದ ಕಾಗದ. ರೇಟಕ್ಕ ತನ್ನ ಮಗಳಿಗೆ ಹಾಸ್ಟೆಲ್ಲಿಗೆ ಬರೆಯುತ್ತಿದ್ದ ಕಾಗದಗಳೂ ಹೀಗೇ ಇರುತ್ತಿದ್ದವು.

ಕಾಗದದ ತಲೆಯ ಮೇಲೆ ಸಂಪಾದಕರು ತಮ್ಮ ಹಸಿರು ಪೆನ್ನಿನಲ್ಲಿ ಗೀಚಿದ್ದರು: "ರೇಟಕ್ಕ, ಎರಡು ಸಾಲಿನ ಉತ್ತರ ಬರೆದುಕೊಡಿ."

ಪತ್ರಿಕೆಯಲ್ಲಿ ಆಕೆಯನ್ನು ಎಲ್ಲರೂ ಕರೆಯುವುದು ರೇಟಕ್ಕ ಎಂದೇ. ಇಪ್ಪತ್ತಾರು ವರ್ಷದ ಹಿಂದೆ ಫೋನ್ ಎತ್ತುವ ಕೆಲಸಕ್ಕೆ ಸೇರಿದ್ದಳು. ಮಾರುಕಟ್ಟೆ ದರ ಬರೆದುಕೊಳ್ಳುತ್ತಿದ್ದವನು ಒಂದು ವಾರ ರಜೆ ಹಾಕಿ ಹೋದ. ಅವನು ಬರುವ ತನಕ ನೋಡಿಕೊಳ್ಳಮ್ಮ ಎಂದರು. ಅವನು ಇನ್ನೂ ಬಂದಿಲ್ಲ. ಫೋನಿನ ಕೆಲಸವೂ ಹೋಗಲಿಲ್ಲ, ದರದ ಕೆಲಸವೂ ಬಂತು. ತರಕಾರಿ, ಎಣ್ಣೆ, ಬೇಳೆ, ಬೆಳ್ಳಿ, ಬಂಗಾರ, ಎಲ್ಲದರ ದರವೂ ದಿನವೂ ಅವಳ ಕಿವಿಯಿಂದ ಕೈಗೆ, ಕೈಯಿಂದ ಪುಟಕ್ಕೆ. ಮೂರನೆಯ ವರ್ಷ ಒಮ್ಮೆ ಈರುಳ್ಳಿಗೆ ಒಂದು ಸೊನ್ನೆ ಹೆಚ್ಚಾಗಿ ಬಿದ್ದು, ಆ ದಿನವಿಡೀ ಊರವರು ಫೋನ್ ಮಾಡಿ ಬೈದಿದ್ದರು. ಅಂದಿನಿಂದ ಪ್ರತಿ ಅಂಕಿಯನ್ನೂ ಗಟ್ಟಿಯಾಗಿ ತಿರುಗಿ ಓದಿ ಹೇಳಿ, ಆ ಕಡೆಯವರು "ಹೂಂ" ಅಂದ ಮೇಲೆಯೇ ಬರೆಯುತ್ತಿದ್ದಳು. ಇಪ್ಪತ್ತಮೂರು ವರ್ಷದಲ್ಲಿ ಆಕೆಯ ಅಂಕಣಕ್ಕೆ ಒಂದೇ ಒಂದು ತಿದ್ದುಪಡಿಯೂ ಬಂದಿರಲಿಲ್ಲ. ಆ ಹೆಮ್ಮೆಯನ್ನು ಅವಳು ಬಚ್ಚಿಡುತ್ತಲೂ ಇರಲಿಲ್ಲ.

ಕನ್ನಡಕ ಏರಿಸಿ ಓದಿದಳು.

"ಮಾನ್ಯ ಸಂಪಾದಕರೇ, ಚಿನ್ನದ ದರ ಒಂದೇ ದಿನದಲ್ಲಿ ಹಲವು ಸಲ ಯಾಕೆ ಬದಲಾಗುತ್ತದೆ? ಹಾಲಿನ ದರ ಹಾಗೆ ಬದಲಾಗುವುದಿಲ್ಲ, ಬಸ್ಸಿನ ಟಿಕೆಟ್ಟೂ ಬದಲಾಗುವುದಿಲ್ಲ. ನಾನು ಮನೆಯಲ್ಲಿ ಹೊಲಿಗೆ ಮಾಡುವವಳು. ಬಟ್ಟೆಯ ಅಂಚಿನ ದಾರ ಬಿಡದಂತೆ ಹೊಲಿಯುವ ಓವರ್‌ಲಾಕ್ ಯಂತ್ರ ಕೊಳ್ಳಲು ನನ್ನ ಎರಡು ಬಳೆ ಮಾರಬೇಕೆಂದು ನಿಶ್ಚಯಿಸಿದೆ. ಒಂದು ಮುಂಗಡಕ್ಕೆ, ಇನ್ನೊಂದು ಯಂತ್ರ ಬಂದ ದಿನ. ಮೊದಲನೆಯದನ್ನು ಮಂಗಳವಾರ ಮಧ್ಯಾಹ್ನ ಎರಡೂವರೆಗೆ ಮಾರಿದೆ. ಮನೆಯವರ ಊಟ ಮುಗಿದು, ಪಾತ್ರೆ ತೊಳೆದಿಟ್ಟ ಮೇಲೆಯೇ ನನಗೆ ಹೊರಗೆ ಹೋಗಲು ಆಗುವುದು. ಬಳೆ ಹನ್ನೆರಡು ಗ್ರಾಂ, ಇಪ್ಪತ್ತೆರಡು ಕ್ಯಾರೆಟ್. ಅಂದಿನ ನಿಮ್ಮ ಪತ್ರಿಕೆಯಲ್ಲಿ 'ಇಂದಿನ ದರ' ಗ್ರಾಮಿಗೆ 9,240 ಎಂದಿದೆ. ಬಿಲ್ಲಿನಲ್ಲಿ 9,150 ಎಂದಿದೆ. ಕರಗಿಸುವ ಖರ್ಚು ಕಳೆದದ್ದು ಬಿಲ್ಲಿನಲ್ಲಿ ಬೇರೆಯೇ ಇದೆ, ಅದರ ಬಗ್ಗೆ ತಕರಾರಿಲ್ಲ."

ಇಲ್ಲಿಂದ ಮುಂದಕ್ಕೆ ಪೆನ್ಸಿಲ್ಲು.

"ಅಂಗಡಿಯವರು ನನ್ನ ಕಣ್ಣಿಗೆ ಮಣ್ಣೆರಚಿದರು ಎಂದು ಮನೆಯಲ್ಲಿ ಹೇಳುತ್ತಿದ್ದಾರೆ. ದರ ಆಗಾಗ ಬದಲಾಗುತ್ತದಂತೆ ಎಂದರೆ ನಗುತ್ತಾರೆ. ಫೋನಿನಲ್ಲಿ ತೋರಿಸಿದರೆ ಮಾವನವರು ನಂಬುವುದಿಲ್ಲ. ಅವರು ನಂಬುವುದು ನಿಮ್ಮ ಪತ್ರಿಕೆಯನ್ನು ಮಾತ್ರ, ದಿನವೂ ಕೆಂಪು ಪೆನ್ನಿನಲ್ಲಿ ಗೆರೆ ಎಳೆದು ಓದುತ್ತಾರೆ. ಬರುವ ಬುಧವಾರ ಇನ್ನೊಂದು ಬಳೆಯನ್ನು ನನ್ನ ಮೈದುನ ಮಾರುತ್ತಾನಂತೆ, ಯಂತ್ರವನ್ನೂ ಅವನೇ ಆರಿಸುತ್ತಾನಂತೆ. ಸೂಜಿಗೆ ದಾರ ಪೋಣಿಸಲು ಬಾರದವನು. ನಾನು ಮೋಸ ಹೋಗಿದ್ದರೆ ಹಾಗೆಂದು ಬರೆಯಿರಿ, ಒಪ್ಪಿಕೊಳ್ಳುತ್ತೇನೆ. ಹೋಗಿಲ್ಲದಿದ್ದರೆ ಅದನ್ನೂ ಬರೆಯಿರಿ. ಇತಿ, ಓವರ್‌ಲಾಕ್ ಯಂತ್ರ ಕೊಳ್ಳಲಿರುವ ಓದುಗಿತ್ತಿ."

ರೇಟಕ್ಕ ಮಂಗಳವಾರದ ಪತ್ರಿಕೆ ತೆಗೆದು ಏಳನೇ ಪುಟ ಬಿಡಿಸಿದಳು. 9,240. ಅಂಕಿ ಸರಿಯಾಗಿಯೇ ಇತ್ತು. ಸೋಮವಾರ ಸಂಜೆ ಏಳಕ್ಕೆ ಚಿನ್ನದಂಗಡಿಗಳ ಸಂಘದಿಂದ ಫೋನಿನಲ್ಲಿ ಬಂದದ್ದು, ಆಕೆ ತಿರುಗಿ ಓದಿ ಹೇಳಿದ್ದು, ಆ ಕಡೆಯಿಂದ "ಹೂಂ" ಬಂದದ್ದು. ಅಂಕಿಯ ಮೇಲೆ ಬೆರಳಿಟ್ಟಳು. ಆಮೇಲೆ ಬೆರಳು ತಾನಾಗಿ ಮೇಲಕ್ಕೆ, ದಪ್ಪಕ್ಷರದ ತಲೆಬರಹದತ್ತ ಹೋಯಿತು.

ಇಂದಿನ ದರ.

ಸೋಮವಾರ ಸಂಜೆಯದು ಮಂಗಳವಾರಕ್ಕೆ ಇಂದಿನದು ಹೇಗಾಯಿತು? ಆಕೆ ಕೆಲಸಕ್ಕೆ ಸೇರಿದ ಕಾಲದಲ್ಲಿ ಆಗುತ್ತಿತ್ತು. ಆಗ ಸಂಘದವರು ದಿನಕ್ಕೊಂದೇ ದರ ಹೇಳುತ್ತಿದ್ದರು. ಸಂಜೆ ಹೇಳಿದ್ದು ಮರುದಿನ ಅಂಗಡಿ ಮುಚ್ಚುವ ತನಕ ನಡೆಯುತ್ತಿತ್ತು. ಯಾವಾಗಲೋ ಆ ಪದ್ಧತಿ ಹೋಯಿತು. ತಲೆಬರಹ ಮಾತ್ರ ಗೋಡೆಗೆ ಹೊಡೆದ ಹಳೆಯ ಮೊಳೆಯ ಹಾಗೆ ಅಲ್ಲೇ ಉಳಿಯಿತು. ಅಂಕಿಗಳನ್ನು ದಿನವೂ ಹದ್ದಿನ ಕಣ್ಣಿನಿಂದ ನೋಡಿದವಳು ತಲೆಬರಹವನ್ನು ಒಮ್ಮೆಯೂ ಓದಿರಲಿಲ್ಲ.

ಎರಡು ಸಾಲಿನ ಉತ್ತರ ಸಾಲದು ಎಂದುಕೊಂಡು ಚಪ್ಪಲಿ ಮೆಟ್ಟಿದಳು.

ಚಿನ್ನದಂಗಡಿಗಳ ಸಾಲು ಪತ್ರಿಕೆಯ ಕಚೇರಿಯಿಂದ ಎರಡು ಬೀದಿ ಆಚೆ. ಸಂಘದ ಕಾರ್ಯದರ್ಶಿ ಅಲ್ಲಿನ ಹಿರಿಯ ಅಂಗಡಿಯ ಯಜಮಾನರು. ರೇಟಕ್ಕ ಅವರೊಂದಿಗೆ ವರ್ಷಾನುಗಟ್ಟಲೆ ದಿನವೂ ಮಾತಾಡಿದ್ದಳು. ಆದರೆ ಎಲ್ಲವನ್ನೂ ಒಟ್ಟು ಸೇರಿಸಿದರೂ ಒಂದು ಗಂಟೆಯ ಹರಟೆ ಆಗುತ್ತಿರಲಿಲ್ಲ. ಅಂಕಿ, ತಿರುಗಿ ಅಂಕಿ, ಹೂಂ.

ಗಾಜಿನ ಬಾಗಿಲು ತಳ್ಳಿ ಒಳಗೆ ಹೋದಾಗ ಯಜಮಾನರು ಒರಗುದಿಂಬಿಗೆ ಒರಗಿ ಯಾರದೋ ಉಂಗುರವನ್ನು ಭೂತಗನ್ನಡಿಯಲ್ಲಿ ನೋಡುತ್ತಿದ್ದರು.

"ಏನಮ್ಮ, ದನಿ ದಿನಾ ಕೇಳ್ತೀನಿ, ಮುಖ ನೋಡಿ ವರ್ಷಾನೇ ಆಯ್ತು. ಬಳೆ ತಗೊಳ್ಳೋಕೆ ಬಂದ್ರಾ?"

"ದರ ತಗೊಳ್ಳೋಕೆ ಬಂದೆ ಯಜಮಾನ್ರೇ. ಸಾಯಂಕಾಲದ್ದಲ್ಲ, ದಿನವಿಡೀದು. ಇದ್ಯಾಕೆ ಹೀಗೆ ಕುಣಿಯತ್ತೆ ಹೇಳಿ."

ಯಜಮಾನರು ಭೂತಗನ್ನಡಿ ಇಳಿಸಿ ಅಂಗಡಿಯ ಮೂಲೆ ತೋರಿಸಿದರು. "ಅದನ್ನ ನಮ್ಮ ಸೊಸೆ ಕೇಳಿ. ನಾನು ಸಂಘದ ಕಾರ್ಯದರ್ಶಿ. ಸಂಘದ ಕೆಲಸ ಅವಳದು."

ಅವರು ಅದನ್ನು ತಮಾಷೆಗೆ ಹೇಳಿದ್ದರು. ಸೊಸೆ ನಗಲಿಲ್ಲ. ಅವಳು ಕೂತಿದ್ದ ಎತ್ತರದ ಸ್ಟೂಲಿನ ಎದುರು ಒಂದು ಪರದೆ, ಅದರಲ್ಲಿ ಕೆಂಪು ಹಸಿರು ಅಂಕಿಗಳು ಕಣ್ಣು ಮಿಟುಕಿಸುತ್ತಿದ್ದವು. ಒಂದು ಕೈಯಲ್ಲಿ ಫೋನು, ಇನ್ನೊಂದು ಕೈ ಮಗುವಿನ ಶಾಲೆಯ ಪುಸ್ತಕಕ್ಕೆ ರಟ್ಟು ಹಾಕುತ್ತಿತ್ತು.

"ಕೂತ್ಕೊಳ್ಳಿ ಅಕ್ಕ. ಇದು ನಿದ್ದೆ ಮಾಡೋ ವ್ಯಾಪಾರ ಅಲ್ಲ," ಎಂದಳು. "ನಮಗೆ ರಾತ್ರಿ ಆದಾಗ ಬೇರೆ ಕಡೆ ಹಗಲು. ಇಲ್ಲಿ ಮುಚ್ಚಿದ್ರೆ ಅಲ್ಲಿ ತೆರೀತಾರೆ. ಜಗತ್ತಿನ ದೊಡ್ಡ ಮಾರುಕಟ್ಟೆಗಳಲ್ಲಿ ಒಂದಲ್ಲ ಒಂದು ಕಡೆ ಚಿನ್ನ ಕೊಳ್ತಾ ಮಾರ್ತಾನೇ ಇರ್ತಾರೆ. ಶನಿವಾರ ಭಾನುವಾರ ಮಾತ್ರ ಅವು ಮಲಗ್ತವೆ, ಅವತ್ತು ನನ್ನ ದರದ ಬೋರ್ಡೂ ಸುಮ್ಮನಿರತ್ತೆ."

"ಅಲ್ಲಿ ಏರಿದ್ರೆ ಇಲ್ಲಿ ಏರತ್ತೆ, ಅಷ್ಟೇನಾ?"

"ಅಷ್ಟೇ ಆಗಿದ್ರೆ ನಾನು ಇಷ್ಟೊತ್ತಿಗೆ ಇನ್ನೂ ನಾಲ್ಕು ಪುಸ್ತಕಕ್ಕೆ ರಟ್ಟು ಹಾಕಿರ್ತಿದ್ದೆ. ಅಲ್ಲಿನ ದರ ಡಾಲರಿನಲ್ಲಿ, ಔನ್ಸಿನ ಲೆಕ್ಕ. ಒಂದೌನ್ಸು ಅಂದ್ರೆ ಮೂವತ್ತೊಂದು ಗ್ರಾಮಿಗಿಂತ ಚೂರು ಜಾಸ್ತಿ. ಅದನ್ನ ನಮ್ಮ ದುಡ್ಡಿಗೆ ತಿರುಗಿಸಬೇಕು. ಡಾಲರೂ ಸುಮ್ಮನೆ ಕೂರಲ್ಲ. ಚಿನ್ನ ಅಲುಗಾಡದಿದ್ರೂ ಡಾಲರ್ ಏರಿದ್ರೆ ನಮ್ಮಲ್ಲಿ ಚಿನ್ನ ಏರತ್ತೆ. ಆಮೇಲೆ ಹೊರಗಿಂದ ತರೋಕೆ ಕಟ್ಟೋ ಸುಂಕ ಸೇರತ್ತೆ, ಅದು ಮಾತ್ರ ದಿನಾ ಬದಲಾಗಲ್ಲ, ಪುಣ್ಯ."

"ಬೆಳಿಗ್ಗೆ ಒಂದು ದರ ಇಟ್ಕೊಂಡು ಸಾಯಂಕಾಲದವರೆಗೂ ಮಾರಬಾರ್ದಾ? ಹಿಂದೆ ಹಾಗೇ ಇತ್ತಲ್ಲ."

ಇದಕ್ಕೆ ಯಜಮಾನರೇ ಬಾಯಿ ಹಾಕಿದರು. "ಹಿಂದೆ ಇಷ್ಟು ಎಗರಾಡ್ತಿರಲಿಲ್ಲಮ್ಮ. ಈಗ ನಾನು ನಿಮಗೆ ಹತ್ತು ಗ್ರಾಂ ಮಾರಿದ್ರೆ, ಆ ಜಾಗ ತುಂಬೋಕೆ ನಾನು ಸಗಟಿನವನ ಹತ್ರ ಹತ್ತು ಗ್ರಾಂ ತರಬೇಕು. ಅವನು ನನಗೆ ಬೆಳಗಿನ ದರಕ್ಕೆ ಕೊಡ್ತಾನಾ? ಈ ಕ್ಷಣದ ದರ ಹೇಳ್ತಾನೆ. ಏರಿದ್ದರೆ ನನ್ನ ಕೈ ಸುಟ್ಟಿತು. ಇಳಿದಿದ್ರೆ ನೀವು ಪಕ್ಕದ ಅಂಗಡಿಗೆ ಹೋಗ್ತೀರಿ. ಹಳೇ ಒಡವೆ ಕೊಳ್ಳೋವಾಗಲೂ ಅಷ್ಟೇ, ಆ ಹೊತ್ತಿನ ದರ."

"ಹಾಗಂತ ನಿಮಿಷಕ್ಕೊಂದು ಸಲ ಬದಲಾಯಿಸಲ್ಲ," ಎಂದಳು ಸೊಸೆ. "ಬೆಳಿಗ್ಗೆ ಹತ್ತೂವರೆಗೆ ಒಂದು ದರ ಕಳಿಸ್ತೀನಿ. ಆಮೇಲೆ ಗ್ರಾಮಿಗೆ ಮೂವತ್ತು ಅಥವಾ ಅದಕ್ಕಿಂತ ಹೆಚ್ಚು ಆಚೀಚೆ ಆದ್ರೆ ಮಾತ್ರ ಇನ್ನೊಂದು ಸಂದೇಶ. ಸಂಘದ ನಲವತ್ತು ಅಂಗಡಿಗೂ ಒಟ್ಟಿಗೆ ಹೋಗತ್ತೆ."

ಹೇಳುತ್ತಿದ್ದಂತೆಯೇ ಪರದೆಯತ್ತ ನೋಡಿ, ರಟ್ಟು ಕೆಳಗಿಟ್ಟು, ಏನೋ ಲೆಕ್ಕ ಹಾಕಿ, ಮಾವನ ಕಡೆಗೆ ಮೂರು ಬೆರಳು ತೋರಿಸಿದಳು. ಮಾವ ತಲೆಯಾಡಿಸಿದರು. ಸಂದೇಶ ಹೋಯಿತು. ಅವಳು ಸ್ಟೂಲಿನಿಂದ ಇಳಿದು ಬಾಗಿಲ ಬಳಿಯ ಬೋರ್ಡಿನಲ್ಲಿ ಎರಡು ಅಂಕಿಗಳನ್ನು ಕಿತ್ತು ಬೇರೆ ಎರಡನ್ನು ಅಂಟಿಸಿದಳು. ವಾಪಸ್ ಬರುವಾಗ ಗಿರಾಕಿಗಳ ಖಾಲಿ ಟೀ ಲೋಟಗಳನ್ನೂ ಎತ್ತಿಕೊಂಡು ಬಂದಳು. ಕೂತವಳೇ ಒಂದು ಉದ್ದನೆಯ ಪುಸ್ತಕ ತೆರೆದು ಬರೆದಳು.

"ಅದೇನು ಬರೀತಿದ್ದೀ?"

"ಹೊತ್ತು ಮತ್ತು ದರ. ಯಾರಾದ್ರೂ ಬಂದು ನೀವು ಹಾಗಂದಿರಿ ಹೀಗಂದಿರಿ ಅಂತ ಜಗಳಕ್ಕೆ ನಿಂತ್ರೆ ನನ್ನ ಹತ್ರ ಇರಲಿ ಅಂತ. ಯಾರೂ ಹೇಳಿದ್ದಲ್ಲ, ನಾನೇ ಬರ್ಕೊಳ್ಳೋದು."

ರೇಟಕ್ಕನಿಗೆ ಆ ಹುಡುಗಿಯನ್ನು ಎಬ್ಬಿಸಿ ಬೆನ್ನು ತಟ್ಟಬೇಕು ಅನ್ನಿಸಿತು. "ಮಂಗಳವಾರದ್ದು ತೆಗಿ ನೋಡೋಣ," ಎಂದಳು.

ಸೊಸೆ ಹಾಳೆ ತಿರುವಿದಳು. ಸೋಮವಾರ ಸಂಜೆ ಏಳು, 9,240. ಮಂಗಳವಾರ ಬೆಳಿಗ್ಗೆ ಹತ್ತೂವರೆ, 9,190. ಮಧ್ಯಾಹ್ನ ಒಂದೂಕಾಲು, 9,150. ಸಂಜೆ ನಾಲ್ಕು ಹತ್ತು, 9,195.

ಎರಡೂವರೆಗೆ ಬೋರ್ಡಿನ ಮೇಲಿದ್ದದ್ದು 9,150. ಬಿಲ್ಲಿನಲ್ಲಿ ಇದ್ದದ್ದೂ ಅದೇ. ಹೊಲಿಗೆಯಾಕೆ ಮೋಸ ಹೋಗಿರಲಿಲ್ಲ. ರೇಟಕ್ಕ ಆ ನಾಲ್ಕು ಸಾಲನ್ನು ಬರೆದುಕೊಂಡು, ಅಭ್ಯಾಸಬಲದಿಂದ ಗಟ್ಟಿಯಾಗಿ ತಿರುಗಿ ಓದಿದಳು.

"ಹೂಂ," ಎಂದಳು ಸೊಸೆ.

ಆ ದನಿ ಕೇಳಿ ರೇಟಕ್ಕ ತಲೆಯೆತ್ತಿದಳು. ಅಂಕಿ ಹೇಳುತ್ತಿದ್ದದ್ದು ಯಜಮಾನರಾದರೂ, ಫೋನಿನ ಹಿಂದೆ ಎಲ್ಲೋ ದೂರದಿಂದ ಬರುತ್ತಿದ್ದ ಆ "ಹೂಂ" ಇವಳದೇ.

ರಾತ್ರಿ ಊಟಕ್ಕೆ ಕೂತಾಗ ಗಂಡನಿಗೆ ವಿಷಯ ಹೇಳಿದಳು. ಆತ ಬಸ್ ಡಿಪೋದಲ್ಲಿ ಹೊತ್ತು ನೋಡಿ ಬಸ್ಸು ಬಿಡುವ ಕೆಲಸ ಮಾಡಿ ನಿವೃತ್ತನಾದವನು. ಎಲ್ಲದಕ್ಕೂ ಒಂದು ವೇಳಾಪಟ್ಟಿ ಇರಬೇಕು ಎನ್ನುವ ಜೀವ.

"ಅವಳು ಹತ್ತೂವರೆಗೇ ಹೋಗಬೇಕಿತ್ತು," ಎಂದ. "ಗ್ರಾಮಿಗೆ ನಲವತ್ತು ಜಾಸ್ತಿ. ಹನ್ನೆರಡು ಗ್ರಾಮಿಗೆ ನಾನೂರ ಎಂಬತ್ತು. ಸುಮ್ನೆ ಕಳ್ಕೊಂಡಳು."

"ಹತ್ತೂವರೆಗೆ ಅವಳು ಹೋಗಿದ್ರೆ ಅಡುಗೆ ಯಾರು ಮಾಡ್ತಿದ್ರು?"

"ಒಂದು ದಿನ ಹೇಗೋ ಆಗ್ತಿತ್ತಪ್ಪ."

"ಹೇಗೋ ಅಂದ್ರೆ ಹೇಗೆ? ಸ್ವಲ್ಪ ಬಿಡಿಸಿ ಹೇಳಿ, ನಾಳೆ ಪೇಪರಿಗೆ ಹಾಕ್ತೀನಿ."

ಆತ ತಟ್ಟೆ ನೋಡಿಕೊಂಡು ಉಂಡ. ಎದ್ದವನು ತನ್ನ ತಟ್ಟೆಯನ್ನು ತಾನೇ ತೊಳೆದ. ಅವಳದ್ದನ್ನೂ ತೊಳೆಯಬಹುದು ಎನ್ನುವುದು ಹೊಳೆಯಲು ಆತನಿಗೆ ಇನ್ನೊಂದೆರಡು ನಿಮಿಷ ಹಿಡಿಯಿತು.

ಮರುದಿನ ಅವಳು ಉತ್ತರ ಬರೆದು ಸಂಪಾದಕರ ಮೇಜಿನ ಮೇಲಿಟ್ಟಳು. ಸಂಪಾದಕರು ಅವಳಿಗಿಂತ ಹದಿನೈದು ವರ್ಷ ಚಿಕ್ಕವರು, ಒಳ್ಳೆಯವರು, ಸ್ವಲ್ಪ ಗಾಬರಿಯ ಸ್ವಭಾವ. ಓದುತ್ತಾ ಅವರ ಹಸಿರು ಪೆನ್ನು ಒಂದು ಕಡೆ ನಿಂತಿತು.

"ವಿವರಣೆ ಚೆನ್ನಾಗಿದೆ ಅಕ್ಕ. ಡಾಲರು, ಔನ್ಸು, ಎಲ್ಲ ಅರ್ಥ ಆಗೋ ಹಾಗಿದೆ. ಆದ್ರೆ ಇದೇನಿದು, 'ನಮ್ಮ ತಪ್ಪು' ಅಂತ?"

"ತಪ್ಪೇ ಅಲ್ವಾ ಸರ್? ಹಿಂದಿನ ದಿನ ಸಂಜೆದು ತಂದು ಇವತ್ತಿನದು ಅಂತ ಹಾಕ್ತಾ ಬಂದಿದೀವಿ."

"ಎಲ್ಲಾ ಪೇಪರ್‌ನೋರೂ ಹಾಗೇ ಹಾಕೋದು. ನಾವೊಬ್ಬರೇ 'ನಿನ್ನೆ ಸಂಜೆಯ ದರ' ಅಂತ ಹಾಕಿದ್ರೆ ಹಳಸಿದ್ದು ಮಾರ್ತಾರೆ ಅಂತ ಜನ ನಗ್ತಾರೆ."

"ನಿನ್ನೆ ಹಾಲನ್ನ ಇವತ್ತಿನದು ಅಂತ ನಿಮ್ಮನೆಗೆ ಹಾಕಿದ್ರೆ ನೀವು ನಗ್ತೀರಾ ಸರ್? ಹಾಲಿನವನನ್ನ ನಿಲ್ಲಿಸಿ ಕೇಳ್ತೀರಿ. ಈಯಮ್ಮ ನಮ್ಮನ್ನ ನಿಲ್ಲಿಸಿ ಕೇಳಿದಾಳೆ."

"ವಿವರಣೆ ಹಾಕೋಣ. ತಲೆಬರಹ ನಿಧಾನಕ್ಕೆ, ಮುಂದಿನ ತಿಂಗಳು, ಸದ್ದಿಲ್ಲದೆ ಬದಲಾಯಿಸೋಣ. ಏನಂತೀರಿ?"

ಕೂರುವ ತನಕ ಮಾತು ಇತ್ಯರ್ಥವಾಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಕುರ್ಚಿ ಎಳೆದುಕೊಂಡು ಕೂತಳು.

"ಬುಧವಾರ ಆ ಬಳೆ ಬೇರೆಯವರ ಕೈಗೆ ಹೋಗತ್ತೆ ಸರ್. ಬರೀ ವಿವರಣೆ ಹಾಕಿದ್ರೆ ಅವಳ ಮಾವ ಏನಂತಾರೆ? 'ಬದಲಾಗತ್ತೆ ಸರಿ, ಆದ್ರೆ ಇಂದಿನ ದರ ಅಂತ ಪೇಪರಲ್ಲೇ ಇದೆಯಲ್ಲ' ಅಂತಾರೆ. ಅವಳ ಮಾತಿಗೂ ನಮ್ಮ ತಲೆಬರಹಕ್ಕೂ ಜಗಳ. ಒಂದು ಸುಳ್ಳಾಗಲೇಬೇಕು. ಅವಳದ್ದಂತೂ ಸುಳ್ಳಲ್ಲ, ಪುಸ್ತಕ ನೋಡಿ ಬಂದಿದೀನಿ."

"ಇಷ್ಟು ವರ್ಷ ನಿಮ್ಮ ಅಂಕಣಕ್ಕೆ ಒಂದು ತಿದ್ದುಪಡಿ ಇಲ್ಲ ಅಕ್ಕ. ನಿಮ್ಮ ಹೆಸರಿಗೇ ಕುತ್ತು ತರ್ಕೊಳ್ತೀರಿ."

"ನನ್ನ ಅಂಕಿ ತಪ್ಪಿಲ್ಲ. ಅದರ ತಲೆ ಮೇಲೆ ಕೂತಿರೋ ಎರಡು ಪದ ತಪ್ಪು. ಇಪ್ಪತ್ತಮೂರು ವರ್ಷದ ಹೆಸರು ಎರಡು ಪದ ತಿದ್ದಿದ್ರೆ ಬಿದ್ದುಹೋಗತ್ತೆ ಅಂದ್ರೆ ಅದು ಹೆಸರೇ ಅಲ್ಲ ಬಿಡಿ."

ಸಂಪಾದಕರು ಕಾಗದವನ್ನು ಮತ್ತೆ ಕೈಗೆತ್ತಿಕೊಂಡರು. ಮೊದಲ ಸಲ ಅವರು ಪೆನ್ಸಿಲ್ಲಿನ ಭಾಗದ ತನಕ ಓದಿರಲಿಲ್ಲ ಎಂದು ರೇಟಕ್ಕನಿಗೆ ಈಗ ಗೊತ್ತಾಯಿತು. ಓದಿ ಮುಗಿಸಿ ಕಿಟಕಿಯ ಕಡೆ ನೋಡಿದರು.

"ಹೋದ ವರ್ಷ ನಮ್ಮನೇಲೂ ಹೀಗೇ ಒಂದು ಮಾತು ಬಂದಿತ್ತು," ಎಂದರು. "ನನ್ನ ಹೆಂಡತಿ ಒಂದು ಸರ ತಂದ್ಲು, ನಾನು ನಮ್ಮ ಪೇಪರ್ ಮುಂದಿಟ್ಟು ಲೆಕ್ಕ ಕೇಳಿದೆ."

"ನಮ್ಮ ಪೇಪರಾ?"

"ಏಳನೇ ಪುಟ." ಅವರ ಕಿವಿ ಕೆಂಪಾಗಿತ್ತು. "ಹಾಕಿ ಅಕ್ಕ. ಆದ್ರೆ ಈ ಕೊನೇ ಎರಡು ವಾಕ್ಯ ಬೇಕಾ? ಊಟದ ವಿಷಯ. ಅದು ದರಕ್ಕೆ ಸಂಬಂಧಪಟ್ಟಿದ್ದಲ್ಲವಲ್ಲ."

"ಅದೇ ಸರ್ ಸಂಬಂಧಪಟ್ಟಿದ್ದು. ಬೇಕಾದ್ರೆ ಔನ್ಸು ತೆಗೀರಿ."

ಔನ್ಸೂ ಉಳಿಯಿತು, ಊಟವೂ ಉಳಿಯಿತು. ಸೋಮವಾರದ ವಾಚಕರ ಪುಟದಲ್ಲಿ ಕಾಗದ ಪೂರ್ತಿಯಾಗಿ ಬಂತು. ಅದರ ಕೆಳಗೆ ಉತ್ತರ. ಜಗತ್ತಿನ ಮಾರುಕಟ್ಟೆ, ಡಾಲರು, ಸಂಘದ ಸಂದೇಶ ಎಲ್ಲ ಹೇಳಿ, ಮಂಗಳವಾರದ ನಾಲ್ಕು ಹೊತ್ತಿನ ನಾಲ್ಕು ದರವನ್ನು ಪಟ್ಟಿ ಮಾಡಿ, ಕೊನೆಗೆ ಹೀಗಿತ್ತು:

"ನಮ್ಮ ಪತ್ರಿಕೆ 'ಇಂದಿನ ದರ' ಎಂದು ಅಚ್ಚು ಮಾಡುತ್ತಿದ್ದುದು ಹಿಂದಿನ ಸಂಜೆ ಏಳು ಗಂಟೆಯ ದರ. ಇದು ನಮ್ಮ ತಪ್ಪು. ಇಂದಿನಿಂದ ದರದ ಜೊತೆ ಅದರ ಹೊತ್ತನ್ನೂ ಹಾಕುತ್ತೇವೆ. ಈ ಓದುಗರು ಎರಡೂವರೆಗೆ ಬಳೆ ಮಾರಿದ್ದಾರೆ, ಆ ಹೊತ್ತಿಗೆ ಇದ್ದ ದರವೇ ಅವರಿಗೆ ಸಿಕ್ಕಿದೆ. ಅವರು ಮೋಸ ಹೋಗಿಲ್ಲ. ಅಂದು ಬೆಳಿಗ್ಗೆ ಹತ್ತೂವರೆಗೆ ಹೋಗಿದ್ದರೆ ಗ್ರಾಮಿಗೆ ನಲವತ್ತು ಹೆಚ್ಚು ಸಿಗುತ್ತಿತ್ತು. ಆ ಹೊತ್ತಿನಲ್ಲಿ ಅವರು ಮನೆಯವರ ಮಧ್ಯಾಹ್ನದ ಊಟಕ್ಕೆ ಅಡುಗೆ ಮಾಡುತ್ತಿದ್ದರು."

ಸೋಮವಾರ ಏಳೆಂಟು ಫೋನ್ ಬಂದವು. ಒಬ್ಬರು ನಕ್ಕರು, ಒಬ್ಬರು ಬೈದರು, ಉಳಿದವರೆಲ್ಲ ಹೆಂಗಸರು. ಯಾವ ಫೋನೂ ಆಕೆಯದಲ್ಲ. ಮಂಗಳವಾರವೂ ಇಲ್ಲ. ರೇಟಕ್ಕ ಎಣ್ಣೆ ಬೇಳೆಗಳ ದರ ಬರೆದುಕೊಳ್ಳುತ್ತಾ, ಬುಧವಾರ ಹತ್ತಿರವಾದಂತೆಲ್ಲ ಮೈದುನನನ್ನು ಮನಸ್ಸಿನಲ್ಲೇ ಎರಡು ಸಲ ಬೈದುಕೊಂಡಳು.

ಬುಧವಾರ ಬೆಳಿಗ್ಗೆ ಹತ್ತು ಇಪ್ಪತ್ತೆಂಟಕ್ಕೆ ಫೋನ್ ಬಂತು.

"ರೇಟಿನವರಾ?"

"ಹೌದಮ್ಮ, ಹೇಳಿ."

"ನಾನು ಬಳೆಯವಳು. ಕಾಗದ ಬರೆದಿದ್ದೆ."

ರೇಟಕ್ಕ ರಿಸೀವರನ್ನು ಇನ್ನೊಂದು ಕಿವಿಗೆ ಬದಲಿಸಿದಳು, ಚೆನ್ನಾಗಿ ಕೇಳುವ ಕಿವಿ ಅದು. "ಬಳೆ ಯಾರ ಕೈಯಲ್ಲಿದೆ ಈಗ?"

"ನನ್ನ ಕೈಯಲ್ಲೇ ಇದೆ. ಪರ್ಸಲ್ಲಿ ಹಾಕ್ಕೊಂಡು ಹೊರಟಿದೀನಿ. ಅಂಗಡಿ ಇಲ್ಲಿಂದ ಹತ್ತೇ ನಿಮಿಷ. ಈಗ ಎಷ್ಟಿದೆ ಅಂತ ಕೇಳ್ಕೊಂಡು ಹೋಗೋಣ ಅಂತ."

"ಹತ್ತೂವರೆಗೆ ಇವತ್ತಿನ ಮೊದಲ ದರ ಬರತ್ತೆ. ಆದ್ರೆ ಒಂದು ಮಾತು ತಿಳ್ಕೊಳ್ಳಿ, ಬೆಳಿಗ್ಗೆ ಯಾವಾಗಲೂ ಜಾಸ್ತಿ ಇರತ್ತೆ ಅಂತೇನಿಲ್ಲ. ಅವತ್ತು ಇತ್ತು. ಇವತ್ತು ಮಧ್ಯಾಹ್ನ ಏರಿದ್ರೂ ಏರಬಹುದು."

"ಏರಲಿ ಬಿಡಿ. ನನಗೆ ಬೇಕಾದ ಹೊತ್ತಿಗೆ ಹೋಗ್ತಿದೀನಲ್ಲ, ಅಷ್ಟು ಸಾಕು. ಹನ್ನೊಂದಕ್ಕೆ ಯಂತ್ರದ ಅಂಗಡಿಯವರು ಬರೋಕೆ ಹೇಳಿದಾರೆ."

"ಮಾವನವರು ಪೇಪರ್ ಓದಿದ್ರಾ?"

"ಓದಿದ್ರು. ಕೆಂಪು ಪೆನ್ನಲ್ಲಿ ಎರಡು ಗೆರೆ ಎಳೆದಿದಾರೆ. 'ಮೋಸ ಹೋಗಿಲ್ಲ' ಅನ್ನೋದರ ಕೆಳಗೆ ಒಂದು, ಮಧ್ಯಾಹ್ನದ ಊಟ ಅನ್ನೋದರ ಕೆಳಗೆ ಇನ್ನೊಂದು. ಬಳೆ ಮಾರೋಕೆ ಹೊರಟಿದ್ದ ಮೈದುನ ಪೇಪರ್ ನೋಡಿ ಚಪ್ಪಲಿ ಬಿಚ್ಚಿಟ್ಟ."

ಅಷ್ಟರಲ್ಲಿ ಹಿಂದಿನಿಂದ ಪಾತ್ರೆಯೊಂದು ಬಿದ್ದ ಸದ್ದು ಕೇಳಿಸಿತು. ಒಬ್ಬ ವಯಸ್ಸಾದ ಗಂಡಸಿನ ದನಿ, "ಬೇಳೆ ಡಬ್ಬಿ ಯಾವುದಮ್ಮ?" ಎಂದು ಕೂಗಿತು.

"ಎಲ್ಲದರ ಮೇಲೂ ಬರೆದಿದೀನಿ ಮಾವ, ಓದ್ಕೊಳ್ಳಿ," ಎಂದು ಆಕೆ ಕೂಗಿ ಹೇಳಿದಳು. ಆಮೇಲೆ ಫೋನಿಗೆ, "ಹತ್ತೂವರೆ ಆಯ್ತಾ ಅಕ್ಕ?" ಎಂದಳು.

ರೇಟಕ್ಕ ಇನ್ನೊಂದು ಫೋನಿನಲ್ಲಿ ಚಿನ್ನದಂಗಡಿಯ ಸೊಸೆಯನ್ನು ಹಿಡಿದಳು. ತನ್ನ ಪುಸ್ತಕದಲ್ಲಿ ಮೊದಲು ಹೊತ್ತು ಬರೆದಳು, ಆಮೇಲೆ ಅಂಕಿ. ಈ ಫೋನನ್ನು ಬಾಯಿಗೆ ತಂದು ಒಂದೊಂದೇ ಅಂಕಿಯನ್ನು ನಿಧಾನವಾಗಿ ಓದಿ ಹೇಳಿದಳು. ಆ ಕಡೆಯಿಂದ ಬಳೆಯಾಕೆ ಅದನ್ನು ತಿರುಗಿ ಹೇಳಿದಳು, ಒಂದೂ ತಪ್ಪಿಲ್ಲದೆ.

"ಹೂಂ," ಎಂದಳು ರೇಟಕ್ಕ.